ಹ್ಯಾಷ್ ರೇಟ್ ಕುಸಿತ ಮತ್ತು ಗಣಿಗಾರರ ಮಾರಾಟ: ಬಿಟ್‌ಕಾಯಿನ್ ಬೆಲೆಯ ಹಿನ್ನೆಲೆ

ಬಿಟ್‌ಕಾಯಿನ್‌ನ ಹ್ಯಾಷ್ ರೇಟ್ ಕುಸಿದಿದೆ ಎಂಬ ಸುದ್ದಿ ಬಂದೊಡನೆ, ಗಣಿಗಾರರು ತಮ್ಮಲ್ಲಿರುವ ನಾಣ್ಯಗಳನ್ನು ಮಾರುತ್ತಿದ್ದಾರೆ, ಬೆಲೆ ಇನ್ನಷ್ಟು ಇಳಿಯಲಿದೆ ಎಂಬ ತೀರ್ಮಾನವೂ ಅದರ ಬೆನ್ನಿಗೇ ಬರುವುದು ವಾಡಿಕೆ. ಆದರೆ ಯಂತ್ರ ನಿಲ್ಲುವುದು ಒಂದು ಸಂಗತಿ, ದಾಸ್ತಾನು ಮಾರಾಟವಾಗುವುದು ಮತ್ತೊಂದು. 2021 ಮತ್ತು 2022ರ ಬೆಳವಣಿಗೆಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಬಿಟ್‌ಕಾಯಿನ್ ವಹಿವಾಟುಗಳನ್ನು ದೃಢೀಕರಿಸಿ, ಪ್ರತಿಫಲವಾಗಿ ಹೊಸ ನಾಣ್ಯಗಳನ್ನು ಪಡೆಯುವವರೇ ಗಣಿಗಾರರು. ಅವರ ಯಂತ್ರಗಳೆಲ್ಲವೂ ಸೇರಿ ಸೆಕೆಂಡಿಗೆ ಮಾಡುವ ಲೆಕ್ಕಾಚಾರದ ಪ್ರಮಾಣಕ್ಕೆ ಹ್ಯಾಷ್ ರೇಟ್ ಎಂದು ಹೆಸರು. ಇದನ್ನು ಅಳೆಯುವ ಮೀಟರ್ ಯಾವುದೂ ಇಲ್ಲ; ವಹಿವಾಟಿನ ಬ್ಲಾಕ್‌ಗಳು ಎಷ್ಟು ಬೇಗ ಸಿದ್ಧವಾಗುತ್ತಿವೆ ಎಂಬುದರಿಂದ ಅಂದಾಜು ಮಾಡಲಾಗುತ್ತದೆ. ಬ್ಲಾಕ್ ದೊರೆಯುವುದರಲ್ಲಿ ಅದೃಷ್ಟದ ಪಾಲೂ ಇರುವುದರಿಂದ ಒಂದು ದಿನದ ಅಂಕಿಯನ್ನು ನಂಬುವಂತಿಲ್ಲ. ಕನಿಷ್ಠ ಒಂದೆರಡು ವಾರಗಳ ಸರಾಸರಿ ಬೇಕು. ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ, ಎಂದರೆ ಸುಮಾರು ಎರಡು ವಾರಗಳಿಗೊಮ್ಮೆ, ಲೆಕ್ಕದ ಕಠಿಣತೆಯನ್ನು ಜಾಲವೇ ಹೊಂದಿಸಿಕೊಳ್ಳುತ್ತದೆ. ಯಂತ್ರಗಳು ಕಡಿಮೆಯಾದರೆ ಕಠಿಣತೆ ಇಳಿಯುತ್ತದೆ. ಉಳಿದವರ ಪಾಲಿಗೆ ಹೆಚ್ಚು ನಾಣ್ಯಗಳು ಬರುತ್ತವೆ.

2021ರ ಮೇ ತಿಂಗಳಲ್ಲಿ ಚೀನಾ ಸರ್ಕಾರ ಗಣಿಗಾರಿಕೆಯ ವಿರುದ್ಧ ಕ್ರಮ ಘೋಷಿಸಿತು. ಸಿಚುವಾನ್, ಷಿನ್‌ಜಿಯಾಂಗ್ ಮೊದಲಾದೆಡೆ ಘಟಕಗಳು ಮುಚ್ಚಿ, ಜುಲೈ ಆರಂಭದ ವೇಳೆಗೆ ಹ್ಯಾಷ್ ರೇಟ್ ಸರಿಸುಮಾರು ಅರ್ಧಕ್ಕಿಳಿಯಿತು. ಜುಲೈ 3ರಂದು ಕಠಿಣತೆ ಒಂದೇ ಬಾರಿಗೆ ಸುಮಾರು ಶೇ. 28ರಷ್ಟು ತಗ್ಗಿತು. ಗಮನಿಸಬೇಕಾದ ಅಂಶವೆಂದರೆ, ಏಪ್ರಿಲ್‌ನಲ್ಲಿ 64,000 ಡಾಲರ್ ಸಮೀಪಿಸಿದ್ದ ಬೆಲೆ ಮೇ 19ರಂದೇ 30,000ದ ಆಸುಪಾಸಿಗೆ ಬಿದ್ದಾಗಿತ್ತು. ಹ್ಯಾಷ್ ರೇಟಿನ ದೊಡ್ಡ ಕುಸಿತ ಬಂದದ್ದು ಆ ನಂತರ. ಯಂತ್ರಗಳು ನಿಂತದ್ದು ನಷ್ಟದಿಂದಲ್ಲ, ಸರ್ಕಾರದ ಆದೇಶದಿಂದ. ಚೀನಾದ ಹೊರಗಿನ ಗಣಿಗಾರರ ಲಾಭವಂತೂ ಹೆಚ್ಚಿತು. ಜುಲೈ 20ರ ಸುಮಾರಿಗೆ 30,000ಕ್ಕಿಂತ ಕೆಳಗಿಳಿದ ಬೆಲೆ ನವೆಂಬರ್‌ನಲ್ಲಿ 69,000 ಡಾಲರ್ ಸಮೀಪಕ್ಕೆ ಏರಿತು. ಹ್ಯಾಷ್ ರೇಟ್ ಒಂದನ್ನೇ ನಂಬಿ ಜುಲೈನಲ್ಲಿ ಮಾರಿದವರು ಈ ಏರಿಕೆಯಿಂದ ಹೊರಗುಳಿದರು.

2022ರ ಚಿತ್ರ ಇದಕ್ಕೆ ವ್ಯತಿರಿಕ್ತ. ಹ್ಯಾಷ್ ರೇಟ್ ಹಾಗೆ ಅರ್ಧಕ್ಕೆ ಬೀಳಲಿಲ್ಲ, ಆದರೆ ಮಾರಾಟ ಮಾತ್ರ ನೈಜವಾಗಿತ್ತು. ಅಮೆರಿಕದ ಕಂಪನಿಗಳು ಹಿಂದಿನ ವರ್ಷದ ಏರು ಬೆಲೆಯನ್ನು ನಂಬಿ ಸಾಲ ಮಾಡಿ ಯಂತ್ರ ಕೊಂಡಿದ್ದವು. ಅವುಗಳಲ್ಲಿ ದೊಡ್ಡದಾದ ಕೋರ್ ಸೈಂಟಿಫಿಕ್ ಆ ವರ್ಷದ ಜೂನ್‌ನಲ್ಲಿ ಉತ್ಪಾದಿಸಿದ್ದು ಸುಮಾರು 1,100 ನಾಣ್ಯಗಳು, ಮಾರಿದ್ದು 7,202. ಸರಾಸರಿ 23,000 ಡಾಲರ್ ದರದಲ್ಲಿ ಸುಮಾರು 16.7 ಕೋಟಿ ಡಾಲರ್ ಬಂದಿತು, ತಿಂಗಳ ಕೊನೆಗೆ ಉಳಿದದ್ದು 2,000ಕ್ಕೂ ಕಡಿಮೆ ನಾಣ್ಯಗಳು. ತಿಂಗಳ ಉತ್ಪಾದನೆಯ ಆರೂವರೆ ಪಟ್ಟು ಮಾರುವುದು ಮಾಮೂಲು ವ್ಯಾಪಾರವಲ್ಲ. ಕಂತು ಕಟ್ಟಲು ಗೋದಾಮು ಖಾಲಿ ಮಾಡುವುದು ಎಂದರೇನೆಂದು ವರ್ತಕರಿಗೆ ವಿವರಿಸಬೇಕಾಗಿಲ್ಲ. ಆ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು.

ಹಾಗಿದ್ದೂ ಈ ಒತ್ತಡದ ಗಾತ್ರವನ್ನು ಅಳೆದು ನೋಡುವುದು ಅಗತ್ಯ. ದಿನಕ್ಕೆ ಸುಮಾರು 144 ಬ್ಲಾಕ್, ಬ್ಲಾಕಿಗೆ ಆಗಿನ 6.25 ನಾಣ್ಯದಂತೆ 2022ರಲ್ಲಿ ಹೊಸ ಪೂರೈಕೆ ದಿನಕ್ಕೆ 900 ನಾಣ್ಯಗಳಿದ್ದವು. ಕೋರ್‌ನ ಜೂನ್ ಮಾರಾಟವನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ 240 ನಾಣ್ಯಗಳು. ಇದು ಖರೀದಿದಾರರಿಲ್ಲದ ಪೇಟೆಯಲ್ಲಿ ಚೇತರಿಕೆಯನ್ನು ತಡೆಯಬಲ್ಲ ಹೊರೆಯೇ ಹೊರತು, ಬೆಲೆಯನ್ನು ಒಂದೇ ತಿಂಗಳಲ್ಲಿ 30,000ದ ಮೇಲಿನಿಂದ 20,000ದ ಕೆಳಗೆ ಉರುಳಿಸುವಷ್ಟು ದೊಡ್ಡದಲ್ಲ. ಆ ಜೂನ್‌ನಲ್ಲಿ ಸೆಲ್ಸಿಯಸ್ ಎಂಬ ಸಾಲ ಸಂಸ್ಥೆ ಗ್ರಾಹಕರ ಹಣ ಹಿಂಪಡೆತವನ್ನು ನಿಲ್ಲಿಸಿತ್ತು, ಅಮೆರಿಕದಲ್ಲಿ ಬಡ್ಡಿದರವೂ ಏರುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಪ್ರತಿಫಲ 3.125ಕ್ಕೆ ಇಳಿದ ಮೇಲೆ ದಿನದ ಹೊಸ ಪೂರೈಕೆ ಸುಮಾರು 450 ನಾಣ್ಯಗಳಷ್ಟೇ. ಹೀಗಾಗಿ ಹೊಸ ನಾಣ್ಯಗಳ ಮಾರಾಟಕ್ಕಿಂತ ಹಳೆಯ ದಾಸ್ತಾನಿನ ಮಾರಾಟವೇ ಮುಖ್ಯವಾಗುತ್ತದೆ.

ಆದ್ದರಿಂದ ಹ್ಯಾಷ್ ರೇಟ್ ಇಳಿದಾಗ ಮೊದಲು ವಿಚಾರಿಸಬೇಕಾದದ್ದು ಕಾರಣವನ್ನು. 2024ರ ಜನವರಿಯ ಚಳಿಯಲ್ಲಿ ಟೆಕ್ಸಾಸ್‌ನ ಗಣಿಗಾರರು ವಿದ್ಯುತ್ ಜಾಲದ ಹೊರೆ ತಗ್ಗಿಸಲು ಯಂತ್ರ ನಿಲ್ಲಿಸಿದಾಗಲೂ ಹ್ಯಾಷ್ ರೇಟ್ ಇಳಿದಿತ್ತು. ಅದಕ್ಕೂ ನಷ್ಟಕ್ಕೂ ಸಂಬಂಧವಿರಲಿಲ್ಲ. ಬೆಲೆ ಇಳಿದು, ವಿದ್ಯುತ್ ವೆಚ್ಚವೂ ಹುಟ್ಟದೆ ಯಂತ್ರಗಳು ನಿಂತಿದ್ದರೆ ವಿಷಯ ಬೇರೆ. ಆಗ ನೋಡಬೇಕಾದುದು ಷೇರುಪೇಟೆಯಲ್ಲಿ ನೋಂದಾಯಿತ ಗಣಿಗಾರ ಕಂಪನಿಗಳ ಪ್ರಕಟಣೆಗಳನ್ನು: ಉತ್ಪಾದನೆ ಎಷ್ಟು, ಮಾರಾಟ ಎಷ್ಟು, ಉಳಿದ ದಾಸ್ತಾನು ಎಷ್ಟು, ಅದರಲ್ಲಿ ಅಡಮಾನವಿಟ್ಟದ್ದೆಷ್ಟು. ಗಣಿಗಾರರ ಖಾತೆಯಿಂದ ವಿನಿಮಯ ಕೇಂದ್ರಕ್ಕೆ ನಾಣ್ಯ ಹೋದುದನ್ನೆಲ್ಲ ಮಾರಾಟವೆಂದು ಎಣಿಸುವುದು ತಪ್ಪು. ಸಾಲದ ಭದ್ರತೆಗೂ ಅದು ಹೋಗಿರಬಹುದು. ಉತ್ಪಾದನೆಗಿಂತ ಮಾರಾಟ ತಿಂಗಳುಗಟ್ಟಲೆ ಹೆಚ್ಚಿದ್ದು ದಾಸ್ತಾನು ಕರಗುತ್ತಿದ್ದರೆ ಒತ್ತಡ ಮುಂದುವರಿದಿದೆಯೆಂದೇ ಅರ್ಥ. ದಾಸ್ತಾನು ಬರಿದಾದ ಮೇಲೆ ಆ ಮಾರಾಟಗಾರ ಪೇಟೆಯಲ್ಲಿ ಇರುವುದಿಲ್ಲ, ಆದರೆ ಬೆಲೆಯ ತಳ ಅಷ್ಟರಿಂದಲೇ ನಿರ್ಧಾರವಾಗುವುದಿಲ್ಲ. 2022ರಲ್ಲಿ ಕೋರ್‌ನ ಗೋದಾಮು ಜೂನ್‌ನಲ್ಲೇ ಬಹುಪಾಲು ಬರಿದಾಗಿತ್ತು; ಬೆಲೆ 16,000ಕ್ಕಿಂತ ಕೆಳಗಿಳಿದದ್ದು ನವೆಂಬರ್‌ನಲ್ಲಿ, ಎಫ್‌ಟಿಎಕ್ಸ್ ವಿನಿಮಯ ಕೇಂದ್ರ ಕುಸಿದಾಗ.