ಒಂದೋ, ಎಲ್ಲೋ? ಭಿತ್ತಿಪತ್ರದ ವಿಳಾಸವನ್ನು ತಪ್ಪಿಲ್ಲದೆ ಇಳಿಸಿಕೊಳ್ಳುವ ಬಗೆ

ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಫಲಿತಾಂಶದ ದಿನ ಸಮೀಪಿಸಿದಾಗ ಸೇಲಂ, ಧರ್ಮಪುರಿ ಜಿಲ್ಲೆಗಳ ಶಾಲೆಗಳ ಸೂಚನಾ ಫಲಕಗಳಲ್ಲಿ ಜಾಲತಾಣದ ವಿಳಾಸಗಳು ಕಾಣಿಸಿಕೊಳ್ಳುತ್ತವೆ. ತಮಿಳುನಾಡಿನ ಸರ್ಕಾರಿ ಪರೀಕ್ಷೆಗಳ ನಿರ್ದೇಶನಾಲಯದ ಫಲಿತಾಂಶಕ್ಕಾಗಿ ಹಿಂದಿನ ಕೆಲವು ವರ್ಷಗಳಲ್ಲಿ ಪ್ರಕಟವಾದ ವಿಳಾಸಗಳಲ್ಲಿ ಇವೆರಡೂ ಇದ್ದವು:

```
tnresults.nic.in
dge1.tn.nic.in
```

ಎರಡನೆಯ ವಿಳಾಸದ ನಾಲ್ಕನೆಯ ಚಿಹ್ನೆಯನ್ನು ಗಮನಿಸಿರಿ. ಅದು ಒಂದು ಎಂಬ ಅಂಕಿ. ಆದರೆ ಎಷ್ಟೋ ಮುದ್ರಣಗಳಲ್ಲಿ ಅದು ಇಂಗ್ಲಿಷಿನ ಸಣ್ಣ ಎಲ್ ಅಕ್ಷರದಂತೆಯೇ ತೋರುತ್ತದೆ. ಕೈಬರಹದಲ್ಲಂತೂ ಎರಡೂ ಒಂದೇ ನೆಟ್ಟನೆಯ ಗೀಟು. ತಮಿಳು ಸುತ್ತೋಲೆಯಲ್ಲಿ ಬಂದ ವಿಳಾಸವನ್ನು ಕನ್ನಡ ಭಿತ್ತಿಪತ್ರಕ್ಕೆ ಯಾರಾದರೂ ಇಳಿಸಿಕೊಳ್ಳುತ್ತಾರೆ. ಅದನ್ನು ನೋಡಿ ಪೋಷಕರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಆ ಚೀಟಿಯನ್ನು ನೋಡಿ ಮಕ್ಕಳು ಮೊಬೈಲಿನಲ್ಲಿ ಒತ್ತುತ್ತಾರೆ. ಹೀಗೆ ಮೂರು ಕೈ ದಾಟುವಷ್ಟರಲ್ಲಿ ಒಂದು ಎಂಬುದು ಎಲ್ ಆಗಿಬಿಡುವುದು ಸುಲಭ.

ಫಲಿತಾಂಶದ ದಿನ ಈ ತಪ್ಪು ಬೇಗ ಬಯಲಿಗೆ ಬರುವುದಿಲ್ಲ. ಪುಟ ತೆರೆಯದಿದ್ದರೆ, ಜನದಟ್ಟಣೆಯಿಂದ ಹೀಗಾಗಿದೆ ಎಂದು ಎಲ್ಲರೂ ಭಾವಿಸಿ ಕಾಯುತ್ತಾರೆ. ವಾಸ್ತವದಲ್ಲಿ ಇವೆರಡನ್ನೂ ಬೇರ್ಪಡಿಸಿ ಗುರುತಿಸಬಹುದು. ಹೆಸರೇ ತಪ್ಪಾಗಿದ್ದರೆ ಸಾಮಾನ್ಯವಾಗಿ ಕ್ಷಣಾರ್ಧದಲ್ಲಿ ನಿರಾಕರಣೆ ಬರುತ್ತದೆ. ಕ್ರೋಮ್ ಬ್ರೌಸರ್‌ನಲ್ಲಿ ಪುಟದ ಕೆಳಭಾಗದಲ್ಲಿ ಈ ಸಾಲು ಕಾಣುತ್ತದೆ:

```
DNS_PROBE_FINISHED_NXDOMAIN
```

ಈ ಸಾಲಿನ ಕೊನೆಯ ಪದದ ಅರ್ಥ, ಅಂಥ ಹೆಸರೇ ಇಲ್ಲ ಎಂದು. ತಾಣದ ಮೇಲೆ ಒತ್ತಡ ಹೆಚ್ಚಾಗಿದ್ದರೆ ಪುಟವು ಬಹಳ ಹೊತ್ತು ಸುತ್ತುತ್ತಲೇ ಇದ್ದು, ಕೊನೆಗೆ ಬಹುಮಟ್ಟಿಗೆ `ERR_CONNECTION_TIMED_OUT` ಎಂಬ ಸಂದೇಶ ಬರುತ್ತದೆ. ಮೊದಲನೆಯದು ಕಂಡರೆ ಕಾಯುವುದರಲ್ಲಿ ಅರ್ಥವಿಲ್ಲ. ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಮೂಲದೊಡನೆ ಹೋಲಿಸಬೇಕು. ಎರಡನೆಯದು ಕಂಡರೆ ವಿಳಾಸ ಬಹುಶಃ ಸರಿಯಿದೆ; ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಬಹುದು.

ಮೂಲದೊಡನೆ ಹೋಲಿಸುವಾಗ ಒಂದು ನಿಯಮ ನೆರವಿಗೆ ಬರುತ್ತದೆ. ಜಾಲತಾಣದ ಹೆಸರಿನಲ್ಲಿ, ಅಂದರೆ ಮೊದಲ ಓರೆಗೆರೆಗಿಂತ ಮುಂಚಿನ ಭಾಗದಲ್ಲಿ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಆದ್ದರಿಂದ ವಿಳಾಸವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದರೂ ಅದೇ ತಾಣ ತೆರೆಯುತ್ತದೆ. ಎಲ್ ಅಕ್ಷರ ದೊಡ್ಡದಾದಾಗ ಅದಕ್ಕೆ ಕೆಳಗೊಂದು ಪಾದ ಬರುತ್ತದೆ, ಒಂದು ಎಂಬ ಅಂಕಿ ಬದಲಾಗದೆ ಉಳಿಯುತ್ತದೆ: `DGEL` ಬೇರೆ, `DGE1` ಬೇರೆ. ಮೊಬೈಲಿನಲ್ಲಿ ಒತ್ತಿದ ವಿಳಾಸದ ಬಗ್ಗೆ ಸಂದೇಹವಿದ್ದರೆ ದೊಡ್ಡಕ್ಷರಗಳಲ್ಲಿ ಮತ್ತೊಮ್ಮೆ ಒತ್ತಿ ನೋಡಿದರೆ ಸಾಕು. ಆದರೆ ಈ ಉಪಾಯ ಓ ಅಕ್ಷರಕ್ಕೂ ಸೊನ್ನೆಗೂ ಒದಗದು. ದೊಡ್ಡಕ್ಷರದಲ್ಲಿ ಅವೆರಡೂ ಮತ್ತಷ್ಟು ಹತ್ತಿರವಾಗುತ್ತವೆ.

ಇನ್ನು ಚುಕ್ಕಿಯ ವಿಚಾರ. ಅಕ್ಷರ ತಪ್ಪಿದರೆ ಹೆಚ್ಚಿನ ವೇಳೆ ಏನೂ ತೆರೆಯುವುದಿಲ್ಲ; ಚುಕ್ಕಿ ತಪ್ಪಿದರೆ ಬೇರೆಯವರ ಮನೆಯ ಬಾಗಿಲು ತೆರೆಯಬಹುದು. ತಾಣದ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. `scholarships.gov.in` ಎಂಬ ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣದಲ್ಲಿ ಕೊನೆಯ `in` ಭಾರತವನ್ನು, ಅದರ ಹಿಂದಿನ `gov` ಸರ್ಕಾರವನ್ನು ಸೂಚಿಸುತ್ತದೆ. `gov.in` ಎಂಬುದರಡಿ ಹೆಸರು ಪಡೆಯುವ ಅವಕಾಶ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಇದೆ. ಆದರೆ `gov` ಎಂಬುದರ ಹಿಂದಿನ ಚುಕ್ಕಿಯ ಜಾಗದಲ್ಲಿ ಕಿರುಗೆರೆ, ಅಂದರೆ ಹೈಫನ್, ಬಂದರೆ ಆ ಹೆಸರು ಸರ್ಕಾರದ ಆವರಣದೊಳಗೆ ಉಳಿಯುವುದಿಲ್ಲ. `in` ಎಂಬುದರಡಿ ಹಣ ತೆತ್ತು ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಹೆಸರಾಗುತ್ತದೆ. ಮಗುವಿನ ಆಧಾರ್ ಸಂಖ್ಯೆಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಕೇಳುವ ಪುಟದಲ್ಲಿ ಈ ಒಂದು ಚುಕ್ಕಿಯನ್ನು ನೋಡದೆ ಮುಂದೆ ಹೋಗಬಾರದು.

ಮೊಬೈಲಿನ ಕೀಲಿಮಣೆ ಕೆಲವೊಮ್ಮೆ ಚುಕ್ಕಿಯ ನಂತರ ತಾನಾಗಿಯೇ ತೆರಪು ಬಿಡುತ್ತದೆ. ತೆರಪು ಬಂದೊಡನೆ ಬ್ರೌಸರ್ ಅದನ್ನು ವಿಳಾಸವೆಂದು ಎಣಿಸದೆ ಹುಡುಕಾಟದ ಪದವೆಂದು ತಿಳಿಯುತ್ತದೆ. ಆಗ ಎದುರಾಗುವುದು ತಾಣವಲ್ಲ, ಹುಡುಕಾಟದ ಪಟ್ಟಿ. ಅದರಲ್ಲಿ ಜಾಹೀರಾತುಗಳೂ ಇರಬಹುದು. ಪಟ್ಟಿ ಕಂಡರೆ ಮೊದಲ ಸಾಲನ್ನು ಒತ್ತುವ ಬದಲು ಹಿಂದಿರುಗಿ, ತೆರಪನ್ನು ಅಳಿಸಬೇಕು.

ಇಮೇಲ್ ವಿಳಾಸಗಳಲ್ಲಿ ತೊಡಕು ಬೇರೆ ಬಗೆಯದು. ಸೇಲಂ ಜಿಲ್ಲಾಧಿಕಾರಿಗಳ ಕಚೇರಿಯ ವಿಳಾಸವನ್ನೇ ತೆಗೆದುಕೊಳ್ಳೋಣ. ಸರ್ಕಾರಿ ಜಾಲತಾಣಗಳಲ್ಲಿ ಇಂಥ ವಿಳಾಸಗಳು ಸಾಮಾನ್ಯವಾಗಿ ಮೊದಲ ಸಾಲಿನ ರೂಪದಲ್ಲಿರುತ್ತವೆ. ಕಳುಹಿಸುವಾಗ ಬಳಸಬೇಕಾದದ್ದು ಎರಡನೆಯದು:

```
collrslm[at]nic[dot]in
collrslm@nic.in
```

ಅನಪೇಕ್ಷಿತ ಪತ್ರಗಳನ್ನು ಕಳುಹಿಸುವವರ ಯಂತ್ರಗಳು ವಿಳಾಸಗಳನ್ನು ಹೆಕ್ಕಿಕೊಳ್ಳದಿರಲೆಂದು ಕಂಸದೊಳಗಿನ ಈ ಪದಗಳನ್ನು ಬಳಸುತ್ತಾರೆ. ಅವುಗಳನ್ನು ಕಂಸಸಮೇತ ಭಿತ್ತಿಪತ್ರಕ್ಕೆ ಇಳಿಸಿದರೆ ಪತ್ರ ಹೊರಡುವುದೇ ಇಲ್ಲ. ಎಡಭಾಗದಲ್ಲಿರುವುದು ಎಂಟು ಅಕ್ಷರಗಳು. ಮೂರನೆಯದು, ನಾಲ್ಕನೆಯದು, ಏಳನೆಯದು ಎಲ್ ಅಕ್ಷರಗಳು. ಅಂಕಿ ಒಂದೂ ಇಲ್ಲ. ಕನ್ನಡ ಪಠ್ಯಪುಸ್ತಕಗಳ ಕೊರತೆಯ ಬಗ್ಗೆ ಪೋಷಕರು ಬರೆಯುವ ಮನವಿ ಈ ಮೂರು ಎಲ್‌ಗಳನ್ನು ಸರಿಯಾಗಿ ಒತ್ತಿದರೆ ಮಾತ್ರ ತಲುಪುತ್ತದೆ.

ವಿಳಾಸ ಯಾರಿಗೂ ಸೇರದಿದ್ದರೆ ಕೆಲವೇ ಕ್ಷಣಗಳಲ್ಲಿ ತಲುಪಲಿಲ್ಲವೆಂಬ ಉತ್ತರ ಮರಳುತ್ತದೆ. ಅದರಲ್ಲಿ ಬಹುತೇಕ `550 5.1.1` ಎಂಬ ಸಂಖ್ಯೆಗಳಿರುತ್ತವೆ. ಇದು ಒಳ್ಳೆಯ ತಪ್ಪು, ಏಕೆಂದರೆ ತಾನೇ ತಿಳಿಸುತ್ತದೆ. ತಪ್ಪಾದ ವಿಳಾಸ ಮತ್ತೊಬ್ಬರದಾಗಿದ್ದರೆ ಏನೂ ಮರಳಿ ಬರುವುದಿಲ್ಲ. ಪತ್ರವೂ ಅದರೊಡನೆ ಲಗತ್ತಿಸಿದ ಜಾತಿ ಪ್ರಮಾಣಪತ್ರವೂ ಅಪರಿಚಿತರ ಪೆಟ್ಟಿಗೆಯಲ್ಲಿ ಬೀಳುತ್ತವೆ. ಹೊಸ ವಿಳಾಸಕ್ಕೆ ಮೊದಲು ಲಗತ್ತುಗಳಿಲ್ಲದ ಎರಡು ಸಾಲಿನ ಪತ್ರ ಬರೆದು, ಉತ್ತರ ಬಂದ ಬಳಿಕವೇ ದಾಖಲೆಗಳನ್ನು ಕಳುಹಿಸುವುದು ಕ್ಷೇಮ.

ಅಡಿಗೆರೆಯ, ಅಂದರೆ ಅಂಡರ್‌ಸ್ಕೋರಿನ, ಗೊಂದಲ ಹುಟ್ಟುವುದು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ. ವರ್ಡ್ ಮೊದಲಾದ ತಂತ್ರಾಂಶಗಳು ಇಮೇಲ್ ವಿಳಾಸವನ್ನು ಕಂಡೊಡನೆ ಅದಕ್ಕೆ ನೀಲಿ ಬಣ್ಣ ಹಚ್ಚಿ ಕೆಳಗೆ ಗೆರೆ ಎಳೆಯುತ್ತವೆ. ವಿಳಾಸದೊಳಗಿನ ಅಡಿಗೆರೆ ಆ ಉದ್ದ ಗೆರೆಯಲ್ಲಿ ಮುಳುಗಿಹೋಗುತ್ತದೆ. ಇದನ್ನು ಗುರುತಿಸುವ ದಾರಿ ಸರಳ: ಬಳಕೆಯಲ್ಲಿರುವ ಇಮೇಲ್ ವಿಳಾಸಗಳಲ್ಲಿ ತೆರಪು ಇರುವುದಿಲ್ಲ. ಗೆರೆ ಎಳೆದ ವಿಳಾಸದ ನಡುವೆ ಎರಡು ಅಕ್ಷರಗಳ ಮಧ್ಯೆ ಖಾಲಿ ಜಾಗ ಕಂಡರೆ ಅಲ್ಲಿರುವುದು ಬಹುತೇಕ ಅಡಿಗೆರೆಯೇ.

ಆದರೆ ಜಿಮೇಲ್‌ಗೆ ಪ್ರತ್ಯೇಕ ನಿಯಮವಿದೆ. `@gmail.com` ಎಂದು ಕೊನೆಗೊಳ್ಳುವ ಹೆಸರಿನಲ್ಲಿ ಅಕ್ಷರ, ಅಂಕಿ ಮತ್ತು ಚುಕ್ಕಿಗಳಿಗೆ ಮಾತ್ರ ಅವಕಾಶ. ಅಡಿಗೆರೆಯಾಗಲಿ ಕಿರುಗೆರೆಯಾಗಲಿ ಇರುವಂತಿಲ್ಲ. ಭಿತ್ತಿಪತ್ರದಲ್ಲಿ `hesaru_ooru@gmail.com` ಎಂಬಂತೆ ಬರೆದಿದ್ದರೆ ಅದು ಖಂಡಿತ ತಪ್ಪು. ಕರೆ ಮಾಡಿ ಕೇಳಬೇಕು. ಅಲ್ಲದೆ ಜಿಮೇಲ್ ಆ ಹೆಸರಿನೊಳಗಿನ ಚುಕ್ಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಒಂದು ಚುಕ್ಕಿ ಬಿಟ್ಟುಹೋದರೂ ಪತ್ರ ತಲುಪುತ್ತದೆ. ಈ ರಿಯಾಯಿತಿಯನ್ನು ಬೇರೆಡೆಗೆ ಒಯ್ಯಬಾರದು. ಯಾಹೂವಿನಲ್ಲಿ ಅಡಿಗೆರೆ ಇರಬಹುದು. ಸರ್ಕಾರಿ ವಿಳಾಸಗಳಲ್ಲಿ ಚುಕ್ಕಿಯೂ ಅಡಿಗೆರೆಯೂ ಕಂಡಂತೆಯೇ ಇರಬೇಕು.

ಊರಿನ ಹೆಸರುಗಳನ್ನೂ ಊಹಿಸಿ ಬರೆಯಬಾರದು. ಧರ್ಮಪುರಿ ಜಿಲ್ಲೆಯ ಒಂದೇ ಊರು ಇಂಗ್ಲಿಷಿನಲ್ಲಿ `Palacode` ಎಂದೂ `Palakkodu` ಎಂದೂ ಬರೆಯಲ್ಪಡುತ್ತದೆ. ನಮ್ಮ ಕಿವಿಗೆ ಎರಡೂ ಒಂದೇ ಊರು, ಯಂತ್ರಕ್ಕೆ ಎರಡು ಬೇರೆ ಹೆಸರು.

ಓರೆಗೆರೆಯ ನಂತರದ ಭಾಗ ಎಲ್ಲಕ್ಕಿಂತ ಕಠಿಣ. ನೋಂದಣಿಗಾಗಿ ಕೊಡುವ `forms.gle/` ಎಂದು ಆರಂಭವಾಗುವ ಗೂಗಲ್ ಕೊಂಡಿಗಳಲ್ಲಿ ಓರೆಗೆರೆಯ ಬಳಿಕ ಅರ್ಥವಿಲ್ಲದ ಅಕ್ಷರಮಾಲೆ ಇರುತ್ತದೆ. ಅಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೂ ಉಂಟು. ದೊಡ್ಡ ಐ, ಸಣ್ಣ ಎಲ್, ಒಂದು, ಓ, ಸೊನ್ನೆ ಎಲ್ಲವೂ ಬೆರೆತು ಬರಬಹುದು. ಏರಿಯಲ್ ಅಕ್ಷರಶೈಲಿಯಲ್ಲಿ ಮೊದಲ ಎರಡನ್ನು ಕಣ್ಣಿನಿಂದ ಬೇರ್ಪಡಿಸುವುದು ಬಹುತೇಕ ಅಸಾಧ್ಯ. ಕೊರಿಯರ್ ನ್ಯೂ ಶೈಲಿಯಲ್ಲಿ ಅವು ಬೇರೆಬೇರೆಯಾಗಿ ಕಾಣುತ್ತವೆ. ಇಂಥ ಕೊಂಡಿಯನ್ನು ಕೈಯಲ್ಲಿ ಬರೆದು ಹಂಚದೆ ಕ್ಯುಆರ್ ಸಂಕೇತವಾಗಿ ಮುದ್ರಿಸಬೇಕು, ಅಥವಾ ವಾಟ್ಸಾಪ್‌ನಲ್ಲಿ ಕೊಂಡಿಯಾಗಿಯೇ ಕಳುಹಿಸಬೇಕು.

ಉಳಿದ ವಿಳಾಸಗಳಿಗೆ ಕನ್ನಡ ಭಿತ್ತಿಪತ್ರ ಸಿದ್ಧಪಡಿಸುವವರ ಬಳಿ ಒಂದು ಉತ್ತಮ ಸಾಧನವಿದೆ. ಅದು ಕನ್ನಡ ಲಿಪಿಯೇ. ಇಂಗ್ಲಿಷಿನ ಎಲ್ ಅಕ್ಷರವೂ ಒಂದು ಎಂಬ ಅಂಕಿಯೂ ನೋಟಕ್ಕೆ ಒಂದೇ ಆಗಿರಬಹುದು. ಕನ್ನಡದಲ್ಲಿ ಬರೆದ ‘ಎಲ್’ ಮತ್ತು ‘ಒಂದು’ ಎಂದೂ ಒಂದಾಗವು. ‘ಓ’ ಮತ್ತು ‘ಸೊನ್ನೆ’ಗಳೂ ಹಾಗೆಯೇ. ವಿಳಾಸದ ಕೆಳಗೆ ಅದನ್ನು ಓದುವ ಬಗೆಯನ್ನು ಒಂದು ಸಾಲಿನಲ್ಲಿ ಮುದ್ರಿಸಬೇಕು. ಆ ಸಾಲಿನಲ್ಲಿ ಒಂದೊಂದು ಅಕ್ಷರದ ಹೆಸರೂ, ‘ಚುಕ್ಕಿ’, ‘ಅಡಿಗೆರೆ’, ‘ಕಿರುಗೆರೆ’ ಎಂಬ ಪದಗಳೂ ಬಿಡದೆ ಇರಬೇಕು. ವಿಳಾಸವನ್ನು ಎರಡು ಸಾಲಿಗೆ ಮುರಿಯಬಾರದು, ಅದರ ಕೊನೆಗೆ ವಾಕ್ಯದ ಪೂರ್ಣವಿರಾಮ ಹಾಕಬಾರದು. ಮುದ್ರಣಕ್ಕೆ ಕೊಡುವ ಮೊದಲು, ವಿಳಾಸವನ್ನು ಹಿಂದೆ ನೋಡಿರದ ಒಬ್ಬರು ಕರಡನ್ನು ಮಾತ್ರ ನೋಡಿ ಮೊಬೈಲಿನಲ್ಲಿ ಒತ್ತಿ, ತಾಣ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಮೊದಲು ಕಂಡ ವಿಳಾಸವು ಹಾಗಾದರೆ ಫಲಕದ ಮೇಲೆ ಹೀಗಿರುತ್ತದೆ:

```
dge1.tn.nic.in
```

ಡಿ, ಜಿ, ಇ, ಅಂಕಿ ಒಂದು, ಚುಕ್ಕಿ, ಟಿ, ಎನ್, ಚುಕ್ಕಿ, ಎನ್, ಐ, ಸಿ, ಚುಕ್ಕಿ, ಐ, ಎನ್