ಕಾರ್ಡ್ ಬಿಲ್ಲಿನ ಬಡ್ಡಿ ಸರಿಯಿದೆಯೇ?

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಒಂದೇ ಅಂಗಡಿಯ ಒಂದೇ ಮೊತ್ತ ಎರಡು ಸಲ ಬಂದಿದ್ದರೆ ಕಣ್ಣಿಗೆ ಬೀಳುತ್ತದೆ. ಬಡ್ಡಿಯ ತಪ್ಪು ಹಾಗಲ್ಲ, ಲೆಕ್ಕ ಹಾಕಿದರಷ್ಟೇ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಜೂನ್ 1ರಂದು 20,000 ರೂಪಾಯಿಯ ಖರೀದಿ. ಜೂನ್ 20ಕ್ಕೆ ಬಿಲ್, ಜುಲೈ 10 ಕೊನೆಯ ದಿನ. ಅಂದು ನೀವು 15,000 ಮಾತ್ರ ಕಟ್ಟಿದಿರಿ. ಪೂರ್ತಿ ಕಟ್ಟದ ಕಾರಣ ಬಡ್ಡಿರಹಿತ ಅವಧಿ ರದ್ದಾಗಿ, ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 42ರ ದರವಾದರೆ, 20,000ಕ್ಕೆ 39 ದಿನಗಳ ಬಡ್ಡಿ ಸುಮಾರು 898 ರೂಪಾಯಿ. ಅಲ್ಲಿಂದ ಜುಲೈ 20ರ ಬಿಲ್‌ವರೆಗೆ ಉಳಿದ 5,000ಕ್ಕೆ 10 ದಿನಗಳ ಬಡ್ಡಿ ಸುಮಾರು 58. ಒಟ್ಟು 955ರ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ.

ಬಿಲ್ಲಿನಲ್ಲಿ 1,059 ಇದ್ದರೆ? ನಿಮ್ಮ 15,000 ಜಮೆಯಾದ ದಿನಾಂಕ ನೋಡಿ. ಜುಲೈ 16 ಎಂದಿದ್ದರೆ, ಹೆಚ್ಚುವರಿ 104 ರೂಪಾಯಿ ಆ ಆರು ದಿನಗಳದ್ದು. ತಡಪಾವತಿ ಶುಲ್ಕವೂ ಅದೇ ತಪ್ಪಿನಿಂದ ಸೇರಿರಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ, ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚು ತಡವಾದಾಗ ಮಾತ್ರ ಆ ಶುಲ್ಕ ಹಾಕಬಹುದು, ಅದೂ ಬಾಕಿ ಉಳಿದ ಮೊತ್ತದ ಮೇಲೆ ಮಾತ್ರ.

ಪಾವತಿಯ ಯುಟಿಆರ್ ಸಂಖ್ಯೆ, ದಿನಾಂಕ ಮತ್ತು ನಿಮ್ಮ ಲೆಕ್ಕವನ್ನು ಸೇರಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.