ಮೂರು ಲೇಟ್ ಮಾರ್ಕ್, ಅರ್ಧ ದಿನದ ಸಂಬಳ

ತಿಂಗಳಲ್ಲಿ ಮೂರು ಸಲ ತಡವಾಗಿ ಬಂದರೆ ಅರ್ಧ ದಿನದ ಸಂಬಳ ಕಡಿತ ಎಂಬ ನಿಯಮ ಖಾಸಗಿ ಕಚೇರಿ, ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳಲ್ಲಿ ಬಹಳ ಸಾಮಾನ್ಯ. ಕೆಲಸಕ್ಕೆ ಸೇರುವಾಗ ಕೊಡುವ ಪುಸ್ತಿಕೆಯಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು. ಆದರೆ ಆ ಸಾಲನ್ನು ಲೆಕ್ಕಕ್ಕೆ ಇಳಿಸಿದಾಗ ಒಬ್ಬರ ಒಂದೇ ತಿಂಗಳ ಹಾಜರಿಯಿಂದ ಬೇರೆ ಬೇರೆ ಮೊತ್ತಗಳು ಹುಟ್ಟುತ್ತವೆ. ಅದು ಹೇಗೆಂದು ತಿಳಿಯಲು ಒಂದು ತಿಂಗಳ ಲೆಕ್ಕವನ್ನು ಪೂರ್ತಿ ಹಾಕಿ ನೋಡುವುದೇ ಸರಿಯಾದ ದಾರಿ.

ಉದಾಹರಣೆಗೆ ಒಂದು ಕಚೇರಿಯಲ್ಲಿ ಕೆಲಸದ ವೇಳೆ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ಇದೆ ಎಂದುಕೊಳ್ಳೋಣ. ಊಟದ ಅರ್ಧ ಗಂಟೆ ಕಳೆದರೆ ದಿನಕ್ಕೆ ಎಂಟು ಗಂಟೆಯ ಕೆಲಸ. ಭಾನುವಾರ ರಜೆ. 9.40ರವರೆಗೆ ಗ್ರೇಸ್ ಟೈಮ್, ಅಂದರೆ ಅಷ್ಟರೊಳಗೆ ಪಂಚ್ ಮಾಡಿದರೆ ತಡವೆಂದು ಎಣಿಸುವುದಿಲ್ಲ. ಅಲ್ಲಿಂದ 10.30ರವರೆಗೆ ಬಂದರೆ ಒಂದು ಲೇಟ್ ಮಾರ್ಕ್. 10.30 ದಾಟಿದರೆ ಅಂದು ನೇರವಾಗಿ ಹಾಫ್ ಡೇ. ಮೂರು ಲೇಟ್ ಮಾರ್ಕ್ ಸೇರಿದರೆ ಅರ್ಧ ದಿನದ ಸಂಬಳ ಹೋಗುತ್ತದೆ. ತಿಂಗಳು ಮುಗಿದಾಗ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭ.

ಇಲ್ಲಿನ ಒಬ್ಬ ಉದ್ಯೋಗಿಯ ಸಂಬಳ ತಿಂಗಳಿಗೆ 23,400 ರೂಪಾಯಿ. ತಿಂಗಳು 30 ದಿನಗಳದ್ದು, 1ನೇ ತಾರೀಕು ಸೋಮವಾರ. ಹಾಗಾಗಿ ನಾಲ್ಕು ಭಾನುವಾರ ಕಳೆದು 26 ಕೆಲಸದ ದಿನಗಳು. 3ರಂದು ಪಂಚ್ ಆಗಿದ್ದು 9.44ಕ್ಕೆ, ಇದು ಮೊದಲ ಮಾರ್ಕ್. 8ರಂದು 9.38, ಗ್ರೇಸ್ ಒಳಗೆ ಇರುವುದರಿಂದ ಮಾರ್ಕ್ ಇಲ್ಲ. 9ರಂದು 9.52, ಎರಡನೆಯದು. 12ರಂದು 9.41, ಒಂದೇ ನಿಮಿಷದಲ್ಲಿ ಗ್ರೇಸ್ ತಪ್ಪಿ ಮೂರನೆಯ ಮಾರ್ಕ್ ಬಿತ್ತು, ಅದರೊಂದಿಗೆ ಅರ್ಧ ದಿನವೂ ಹೋಯಿತು. 15ರಂದು 10.05, 22ರಂದು 9.43, 24ರಂದು 9.49. ಇಲ್ಲಿಗೆ ಆರು ಮಾರ್ಕ್, ಎರಡನೆಯ ಅರ್ಧ ದಿನ. 29ರಂದು 9.46ಕ್ಕೆ ಬಂದದ್ದು ಏಳನೆಯದು. ಜೊತೆಗೆ ಇನ್ನೆರಡು ಸೇರದೆ ತಿಂಗಳು ಮುಗಿದದ್ದರಿಂದ ಅದು ಹಾಗೆಯೇ ಬಿದ್ದುಹೋಗುತ್ತದೆ.

ಇದರ ನಡುವೆ 20ರಂದು ಪಂಚ್ ಆದದ್ದು 10.50ಕ್ಕೆ. ಅದು ಹಾಫ್ ಡೇ; ಉಳಿದಿದ್ದ ಅರ್ಧ ಸಿಎಲ್‌ಗೆ ಅದನ್ನು ಹೊಂದಿಸಲಾಯಿತು. ಇಲ್ಲೊಂದು ಎಚ್ಚರ ಬೇಕು. ಹಾಫ್ ಡೇ ಎಂದು ಪರಿಗಣಿಸಿದ ದಿನವನ್ನು ಲೇಟ್ ಮಾರ್ಕ್ ಎಂದೂ ಎಣಿಸುವಂತೆ ಹಾಜರಿ ತಂತ್ರಾಂಶವನ್ನು ಹೊಂದಿಸಿದ್ದರೆ, ಒಂದೇ ತಡಕ್ಕೆ ಎರಡು ಸಲ ಕಡಿತ ಆಗುತ್ತದೆ. ಈ ತಿಂಗಳಲ್ಲಿ ಹಾಗಾಗಿದ್ದರೆ 29ರ ಹೊತ್ತಿಗೆ ಎಂಟು ಮಾರ್ಕ್ ಆಗಿ, ಇನ್ನೊಂದೇ ತಡಕ್ಕೆ ಮೂರನೆಯ ಅರ್ಧ ದಿನವೂ ಹೋಗುತ್ತಿತ್ತು. ಹಾಜರಿ ಪಟ್ಟಿಯಲ್ಲಿ ಒಂದು ತಾರೀಕಿನ ಎದುರು ಎರಡೂ ಗುರುತು ಇವೆಯೇ ಎಂದು ನೋಡಿದರೆ ತಪ್ಪು ತಕ್ಷಣ ಸಿಗುತ್ತದೆ.

ಏಳು ಮಾರ್ಕಿಗೆ ಒಂದು ದಿನದ ಸಂಬಳ ಕಡಿತ ಎಂಬುದು ‘ಪ್ರತಿ ಮೂರಕ್ಕೆ ಅರ್ಧ ದಿನ’ ಎಂದು ಓದಿದಾಗ ಬರುವ ಉತ್ತರ. ಅದೇ ಸಾಲನ್ನು ಕೆಲವೆಡೆ ‘ಮೂರು ಸಲ ಮಾಫಿ, ನಾಲ್ಕನೆಯದರಿಂದ ಪ್ರತಿ ತಡಕ್ಕೂ ಅರ್ಧ ದಿನ’ ಎಂದು ಓದುತ್ತಾರೆ. ಆಗ ನಾಲ್ಕು ಅರ್ಧ ದಿನಗಳು, ಅಂದರೆ ಎರಡು ದಿನದ ಸಂಬಳ ಹೋಗುತ್ತದೆ. ‘ಮೂರನೆಯದಕ್ಕೆ ಅರ್ಧ ದಿನ, ಆಮೇಲೆ ಪ್ರತಿಯೊಂದಕ್ಕೂ ಅರ್ಧ ದಿನ’ ಎಂದಾದರೆ ಎರಡೂವರೆ ದಿನ. ನಿಯಮದಲ್ಲಿ ‘ಪ್ರತಿ’ ಎಂಬ ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಇಷ್ಟು ದೊಡ್ಡ ವ್ಯತ್ಯಾಸ ನಿಂತಿರುತ್ತದೆ. ನಿಯಮ ಬರೆಯುವವರು ಏಳು ಮಾರ್ಕಿನ ಒಂದು ಉದಾಹರಣೆಯನ್ನು ಅದರ ಕೆಳಗೇ ಕೊಟ್ಟುಬಿಟ್ಟರೆ ಬಹುಪಾಲು ಜಗಳ ಹುಟ್ಟುವುದೇ ಇಲ್ಲ.

ಮುಂದಿನ ಪ್ರಶ್ನೆ, ಒಂದು ದಿನದ ಸಂಬಳ ಎಂದರೆ ಎಷ್ಟು? ತಿಂಗಳ ಒಟ್ಟು 30 ದಿನಕ್ಕೆ ಭಾಗಿಸಿದರೆ 780 ರೂಪಾಯಿ. ಕೆಲಸದ 26 ದಿನಕ್ಕೆ ಭಾಗಿಸಿದರೆ 900. ಎರಡೂ ಪದ್ಧತಿಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಕೈಗೆ ಬರಬೇಕಾದ ಒಟ್ಟು ಸಂಬಳ 22,620, ಎರಡನೆಯದರಲ್ಲಿ 22,500. ಯಾವುದೇ ಪದ್ಧತಿ ಇರಲಿ, ಅದು ವರ್ಷವಿಡೀ ಒಂದೇ ಆಗಿರಬೇಕು; ಕಡಿತಕ್ಕೆ 26, ಓವರ್‌ಟೈಮ್ ಲೆಕ್ಕಕ್ಕೆ 30 ಎಂದು ಅನುಕೂಲದಂತೆ ಭಾಜಕ ಬದಲಿಸುವುದು ಅನ್ಯಾಯ.

ಈಗ ಇದೇ ಏಳು ದಿನಗಳನ್ನು ನಿಮಿಷಗಳಲ್ಲಿ ನೋಡಬೇಕು. ಗ್ರೇಸ್ ಲೆಕ್ಕಿಸದೆ 9.30ರಿಂದಲೇ ಎಣಿಸಿದರೂ ತಡವಾದದ್ದು ಕ್ರಮವಾಗಿ 14, 22, 11, 35, 13, 19 ಮತ್ತು 16 ನಿಮಿಷ. ಒಟ್ಟು 130 ನಿಮಿಷ, ಎಂದರೆ ಎರಡು ಗಂಟೆ ಹತ್ತು ನಿಮಿಷ. ದಿನಕ್ಕೆ 900ರಂತೆ ಗಂಟೆಗೆ 112.50 ರೂಪಾಯಿ, ಆ 130 ನಿಮಿಷಗಳ ಸಂಬಳ 243.75 ರೂಪಾಯಿ. ಕಡಿತವಾದದ್ದು 900. ಕೆಲಸ ಮಾಡಿದ್ದರೂ ಕೈತಪ್ಪಿದ ಹಣ 656.25 ರೂಪಾಯಿ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1936ರ ವೇತನ ಪಾವತಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಗೈರುಹಾಜರಿಯ ಕಡಿತ, ಗೈರಾದ ಅವಧಿಯ ಅನುಪಾತವನ್ನು ಮೀರುವಂತಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ 20ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿಯವರೆಗಿನ ಸಂಬಳದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಇದರಂತೆ ಗೈರಿನ ಹೆಸರಿನಲ್ಲಿ ಈ ಉದ್ಯೋಗಿಯಿಂದ ಕಡಿಯಬಹುದಾದದ್ದು 243.75 ರೂಪಾಯಿ ಮಾತ್ರ.

ಅದಕ್ಕಿಂತ ಹೆಚ್ಚಿನದ್ದು ಹೆಸರೇನೇ ಇರಲಿ, ವಾಸ್ತವದಲ್ಲಿ ದಂಡ. ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದಕ್ಕೆ ಬೇರೆಯದೇ ದಾರಿ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರ ಅಥವಾ ಅದು ಗೊತ್ತುಪಡಿಸಿದ ಅಧಿಕಾರಿಯ ಒಪ್ಪಿಗೆ ಇರಬೇಕು, ಅದನ್ನು ಕೆಲಸದ ಸ್ಥಳದಲ್ಲಿ ಪ್ರಕಟಿಸಿರಬೇಕು, ದಂಡ ಹಾಕುವ ಮುನ್ನ ಉದ್ಯೋಗಿಗೆ ಕಾರಣ ಹೇಳಲು ಅವಕಾಶ ಕೊಡಬೇಕು. ಮೊತ್ತ ಆ ಅವಧಿಯ ವೇತನದ ಶೇಕಡಾ 3ನ್ನು ಮೀರುವಂತಿಲ್ಲ. ಇಲ್ಲಿ ಹೆಚ್ಚೆಂದರೆ 702 ರೂಪಾಯಿ. ಇನ್ನೂ ಮುಖ್ಯವಾದದ್ದು, ದಂಡದ ಹಣ ಮಾಲೀಕರ ಲಾಭಕ್ಕೆ ಸೇರುವಂತಿಲ್ಲ. ಅದನ್ನು ರಿಜಿಸ್ಟರಿನಲ್ಲಿ ಬರೆದು ಕೆಲಸಗಾರರ ಅನುಕೂಲಕ್ಕೇ ಖರ್ಚು ಮಾಡಬೇಕು. ಪಂಚ್ ಯಂತ್ರದಿಂದ ನೇರ ಪೇಸ್ಲಿಪ್ಪಿಗೆ ಹರಿಯುವ ಅರ್ಧ ದಿನದ ಕಡಿತದಲ್ಲಿ ಈ ಯಾವ ಹಂತವೂ ಇರುವುದಿಲ್ಲ. ಅದೇ ಈ ನಿಯಮದ ದೊಡ್ಡ ದೋಷ.

ಸಂಬಳದ ಬದಲು ರಜೆಯಿಂದ ಕಳೆಯುವುದು ಬೇರೆ ಮಾತು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ತಡವಾದ ಪ್ರತಿ ದಿನಕ್ಕೂ ಅರ್ಧ ಸಿಎಲ್ ಕಳೆಯುವ ಪದ್ಧತಿ ಇದೆ. ಸರಿಯಾದ ಕಾರಣವಿದ್ದರೆ ಒಂದು ಗಂಟೆಯೊಳಗಿನ ತಡವನ್ನು ತಿಂಗಳಿಗೆ ಎರಡು ಸಲ ಮನ್ನಿಸಬಹುದು. ಅಲ್ಲಿ ಹೋಗುವುದು ರಜೆ, ದುಡಿದ ಸಂಬಳವಲ್ಲ.

ಪೇಸ್ಲಿಪ್ಪಿನಲ್ಲಿ ‘ಎಲ್‌ಒಪಿ 1’ ಎಂದಷ್ಟೇ ಇದ್ದರೆ ಈ ಯಾವುದೂ ಕಾಣುವುದಿಲ್ಲ. ಆದ್ದರಿಂದ ತಿಂಗಳ ಹಾಜರಿ ಪಟ್ಟಿಯನ್ನು ಸಂಬಳ ಆಗುವ ಮೊದಲೇ ಕೇಳಿ ಪಡೆಯುವುದು ಒಳ್ಳೆಯದು. ಕಂಪನಿ ಕೆಲಸಕ್ಕೆ ಹೊರಗೆ ಹೋಗಿ ತಡವಾದ ದಿನ, ಯಂತ್ರ ಬೆರಳು ಗುರುತಿಸದ ದಿನ ಇದ್ದರೆ ಅಂದೇ ಬರವಣಿಗೆಯಲ್ಲಿ ತಿಳಿಸಿ ಸರಿಪಡಿಸಿಕೊಳ್ಳಬೇಕು. ಕಡಿತ ಅನುಪಾತ ಮೀರಿದ್ದರೆ ಮೊದಲು ತಾರೀಕು ಮತ್ತು ನಿಮಿಷಗಳ ಪಟ್ಟಿಯೊಂದಿಗೆ ಕಚೇರಿಗೇ ಪತ್ರ ಬರೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಪಟ್ಟಿಯನ್ನು ಹಿಡಿದು ಕಾರ್ಮಿಕ ಇಲಾಖೆಗೆ ಹೋಗಬಹುದು.